ಲಾಭ ಏರಿದ್ದು ದುಡಿಮೆಯಿಂದಲೋ, ಸವಕಳಿಯ ಪದ್ಧತಿಯಿಂದಲೋ?

ಪ್ರಶ್ನೆ: ಒಂದೇ ಕಸುಬಿನ ಎರಡು ಸಂಸ್ಥೆಗಳ ಲೆಕ್ಕಪತ್ರಗಳನ್ನು ನೋಡುತ್ತಿದ್ದೇನೆ. ಯಂತ್ರಗಳು ಒಂದೇ ಬಗೆಯವು, ವಹಿವಾಟೂ ಹೆಚ್ಚುಕಡಿಮೆ ಒಂದೇ. ಆದರೆ ಒಂದರ ಲಾಭ ನಾಲ್ಕು ವರ್ಷವೂ ಸಮನಾಗಿದೆ, ಇನ್ನೊಂದರದ್ದು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಮೊದಲನೆಯದು ಸರಳ ರೇಖಾ ಪದ್ಧತಿಯಲ್ಲಿಯೂ ಎರಡನೆಯದು ಇಳಿಕೆ ಶಿಲ್ಕು ಪದ್ಧತಿಯಲ್ಲಿಯೂ ಸವಕಳಿ ಹಾಕುತ್ತವೆಯಂತೆ. ಬರೀ ಅಷ್ಟರಿಂದ ಇಷ್ಟು ವ್ಯತ್ಯಾಸ ಬರುತ್ತದೆಯೇ? ಏರುತ್ತಿರುವ ಆ ಲಾಭವನ್ನು ನಂಬಬಹುದೇ?

ಉತ್ತರ: ಬರುತ್ತದೆ. ಎರಡೂ ಸಂಸ್ಥೆಗಳು ಪ್ರಾಮಾಣಿಕವಾಗಿಯೇ ಲೆಕ್ಕ ಬರೆದಿದ್ದರೂ ಬರುತ್ತದೆ. ನಂಬಬಹುದೇ ಎಂಬುದಕ್ಕೆ ಮಾತ್ರ ಪದ್ಧತಿಯ ಹೆಸರನ್ನು ನೋಡಿ ಉತ್ತರ ಹೇಳಲಾಗುವುದಿಲ್ಲ. ಆ ಸಂಸ್ಥೆ ಈಚಿನ ವರ್ಷಗಳಲ್ಲಿ ಹಳೆಯ ಯಂತ್ರಗಳ ಜಾಗಕ್ಕೆ ಹೊಸದನ್ನು ಕೊಂಡಿದೆಯೇ ಎಂಬುದನ್ನು ನೋಡಬೇಕಾಗುತ್ತದೆ. ಅಲ್ಲಿಗೆ ತಲುಪಲು ಮೊದಲು ಒಂದೇ ಒಂದು ಯಂತ್ರದ ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡೋಣ.

ಒಂದು ಯಂತ್ರದ ಖರೀದಿ ಬೆಲೆ 1,00,000 ಎಂದಿಟ್ಟುಕೊಳ್ಳಿ. ಹಣ ಯಾವ ದೇಶದ್ದಾದರೂ ಲೆಕ್ಕ ಬದಲಾಗುವುದಿಲ್ಲ. ಅದರ ಉಪಯುಕ್ತ ಆಯುಷ್ಯ 4 ವರ್ಷ, ಆಮೇಲೆ ಅದನ್ನು ಮಾರಿದರೆ ಬರುವ ಉಳಿಕೆ ಬೆಲೆ 12,960. ಹಾಗಾದರೆ ಈ ನಾಲ್ಕು ವರ್ಷಗಳಲ್ಲಿ ಒಟ್ಟು 87,040ನ್ನು ಸವಕಳಿಯಾಗಿ ಖರ್ಚಿಗೆ ಬರೆಯಬೇಕು. ಸರಳ ರೇಖಾ ಪದ್ಧತಿಯಲ್ಲಿ ಇದನ್ನು ನಾಲ್ಕು ಸಮ ಕಂತುಗಳಾಗಿ ಹಂಚುತ್ತೇವೆ, ಆದ್ದರಿಂದ ಪ್ರತಿ ವರ್ಷದ ಸವಕಳಿ 21,760. ಇಳಿಕೆ ಶಿಲ್ಕು ಪದ್ಧತಿಯಲ್ಲಿ ಕಂತು ಸ್ಥಿರವಲ್ಲ, ದರ ಸ್ಥಿರ: ವರ್ಷದ ಆರಂಭದಲ್ಲಿ ಪುಸ್ತಕದಲ್ಲಿ ಉಳಿದಿರುವ ಶಿಲ್ಕಿನ ಮೇಲೆ ಶೇ. 40ರಷ್ಟನ್ನು ಕಳೆಯುತ್ತಾ ಹೋಗುತ್ತೇವೆ. ಮೊದಲ ವರ್ಷ 40,000, ಉಳಿದ 60,000ದ ಮೇಲೆ ಎರಡನೆಯ ವರ್ಷ 24,000, ಮೂರನೆಯ ವರ್ಷ 14,400, ನಾಲ್ಕನೆಯ ವರ್ಷ 8,640. ಕೂಡಿದರೆ ಇದೂ 87,040.

ಈಗ ಆ ಯಂತ್ರ ಸವಕಳಿ ಕಳೆಯುವ ಮೊದಲು ಪ್ರತಿ ವರ್ಷವೂ 50,000 ಗಳಿಸಿಕೊಡುತ್ತದೆ ಎನ್ನೋಣ. ಸರಳ ರೇಖೆಯನ್ನು ಅನುಸರಿಸುವವರು ನಾಲ್ಕು ವರ್ಷವೂ 28,240 ಲಾಭ ತೋರಿಸುತ್ತಾರೆ. ಇಳಿಕೆ ಶಿಲ್ಕಿನವರ ಲಾಭ ಮೊದಲ ವರ್ಷ 10,000, ಆಮೇಲೆ 26,000, ಆಮೇಲೆ 35,600, ಕೊನೆಗೆ 41,360. ನೀವು ಕಂಡ ಏರಿಕೆ ಇದೇ. ಯಂತ್ರದ ದುಡಿಮೆ ಒಂದಿಷ್ಟೂ ಹೆಚ್ಚಿಲ್ಲ, ಗಿರಾಕಿಗಳು ಹೆಚ್ಚಿಲ್ಲ, ಆದರೂ ತೋರಿಸಿದ ಲಾಭ ನಾಲ್ಕು ಪಟ್ಟಾಗಿದೆ. ನಾಲ್ಕೂ ವರ್ಷಗಳ ಲಾಭವನ್ನು ಕೂಡಿದರೆ ಎರಡು ಕಡೆಯೂ 1,12,960 ಬರುತ್ತದೆ. ಯಂತ್ರದ ಇಡೀ ಆಯುಷ್ಯದ ಲಾಭವನ್ನು ಯಾವ ಪದ್ಧತಿಯೂ ಹೆಚ್ಚಿಸುವುದಿಲ್ಲ, ಕಡಿಮೆ ಮಾಡುವುದಿಲ್ಲ. ಅದು ಯಾವ ವರ್ಷದ ಪಾಲಿಗೆ ಎಷ್ಟು ಬರಬೇಕೆಂಬುದನ್ನಷ್ಟೇ ತೀರ್ಮಾನಿಸುತ್ತದೆ. ಯಂತ್ರಕ್ಕೆ ಕೊಡಬೇಕಾದ ಹಣವನ್ನು ಕೊಂಡ ದಿನವೇ ಕೊಟ್ಟಾಗಿರುವುದರಿಂದ ಸಂಸ್ಥೆಯ ಕೈಗೆ ಬರುವ ನಗದಿನಲ್ಲೂ ಇದರಿಂದ ವ್ಯತ್ಯಾಸವಿಲ್ಲ. ತೆರಿಗೆ ಕಾನೂನು ಸವಕಳಿಗೆ ತನ್ನದೇ ದರ, ತನ್ನದೇ ಪದ್ಧತಿ ಗೊತ್ತುಮಾಡಿರುವ ಕಡೆಗಳಲ್ಲಿ ಕಟ್ಟಬೇಕಾದ ತೆರಿಗೆಯೂ ಪುಸ್ತಕದಲ್ಲಿ ಯಾವ ಪದ್ಧತಿ ಇದೆ ಎಂಬುದನ್ನು ಅವಲಂಬಿಸುವುದಿಲ್ಲ.

ಇಲ್ಲಿ ಒಂದು ಅಂಕಿಯನ್ನು ಗಮನದಲ್ಲಿಡಿ, ಮುಂದೆ ಬೇಕಾಗುತ್ತದೆ. ಎರಡು ಪದ್ಧತಿಗಳ ಒಟ್ಟುಗೂಡಿದ ಸವಕಳಿಯ ಅಂತರ ಮೊದಲ ವರ್ಷದ ಕೊನೆಗೆ 18,240, ಎರಡನೆಯ ವರ್ಷದ ಕೊನೆಗೆ 20,480, ಮೂರನೆಯದರ ಕೊನೆಗೆ 13,120, ನಾಲ್ಕನೆಯದರ ಕೊನೆಗೆ ಸೊನ್ನೆ. ಪುಸ್ತಕ ಮೌಲ್ಯದ ಅಂತರವೂ ಆಯಾ ದಿನ ಇಷ್ಟೇ ಇರುತ್ತದೆ. ಎರಡನೆಯ ವರ್ಷದ ಕೊನೆಯಲ್ಲಿ ಸರಳ ರೇಖೆಯ ಪುಸ್ತಕದಲ್ಲಿ ಯಂತ್ರ 56,480ಕ್ಕೆ ನಿಂತಿದ್ದರೆ ಇಳಿಕೆ ಶಿಲ್ಕಿನ ಪುಸ್ತಕದಲ್ಲಿ 36,000ಕ್ಕೆ ನಿಂತಿರುತ್ತದೆ. ಅದೇ ದಿನ ಯಂತ್ರವನ್ನು 45,000ಕ್ಕೆ ಮಾರಿದರೆ ಮೊದಲನೆಯವರು 11,480 ನಷ್ಟ ಬರೆಯಬೇಕು, ಎರಡನೆಯವರು 9,000 ಲಾಭ ಬರೆಯುತ್ತಾರೆ. ಒಂದೇ ಯಂತ್ರ, ಒಂದೇ ಗಿರಾಕಿ, ಒಂದೇ ಬೆಲೆ. ಹಾಗಾಗಿ ಆಸ್ತಿ ಮಾರಾಟದ ಲಾಭ ಎಂಬ ಸಾಲು ಕಂಡಾಗ ಅದನ್ನು ಚೆನ್ನಾಗಿ ವ್ಯಾಪಾರ ಕುದುರಿಸಿದ ಜಾಣ್ಮೆಯೆಂದು ಓದುವ ಮೊದಲು, ಹಿಂದಿನ ವರ್ಷಗಳಲ್ಲಿ ಸವಕಳಿಯನ್ನು ಬೇಗ ಬರೆದುಕೊಂಡದ್ದರ ಮರುಪಾವತಿಯೇ ಇರಬಹುದೆಂದು ಯೋಚಿಸಬೇಕು.

ಹಾಗಾದರೆ ಇಳಿಕೆ ಶಿಲ್ಕು ಪದ್ಧತಿ ದಾರಿ ತಪ್ಪಿಸುವಂಥದ್ದೇ? ಅಲ್ಲ. ಮೇಲಿನ ಉದಾಹರಣೆಯಲ್ಲಿ ಯಂತ್ರ ನಾಲ್ಕು ವರ್ಷವೂ ಸಮನಾಗಿ ಗಳಿಸುತ್ತದೆ ಎಂದು ಊಹಿಸಿದ್ದರಿಂದ ಸರಳ ರೇಖೆಯೇ ಸರಿಯೆಂದು ಕಾಣುತ್ತದೆ. ಬಹುಪಾಲು ಯಂತ್ರಗಳು ಹಾಗಿರುವುದಿಲ್ಲ. ಹೊಸದರಲ್ಲಿ ಚುರುಕಾಗಿ ಓಡುತ್ತವೆ, ಮೂರನೆಯ ವರ್ಷದಿಂದ ಬೇರಿಂಗು, ಬೆಲ್ಟು, ಮೋಟಾರು ಎಂದು ದುರಸ್ತಿಯ ಬಿಲ್ಲುಗಳು ಬರತೊಡಗುತ್ತವೆ, ನಿಂತು ಹೋಗುವ ದಿನಗಳೂ ಹೆಚ್ಚುತ್ತವೆ. ನಮ್ಮ ಯಂತ್ರದ ದುರಸ್ತಿ ಖರ್ಚು ನಾಲ್ಕು ವರ್ಷಗಳಲ್ಲಿ ಕ್ರಮವಾಗಿ 2,000, 8,000, 15,000, 21,000 ಎಂದಿರಲಿ. ಸರಳ ರೇಖೆಯಲ್ಲಿ ಸವಕಳಿ ಮತ್ತು ದುರಸ್ತಿ ಸೇರಿ ಮೊದಲ ವರ್ಷ 23,760 ಇದ್ದ ಖರ್ಚು ಕೊನೆಯ ವರ್ಷ 42,760ಕ್ಕೆ ಏರುತ್ತದೆ, ಅಂದರೆ ಲಾಭ ಇಳಿಯುತ್ತಾ ಹೋಗುತ್ತದೆ. ಇಳಿಕೆ ಶಿಲ್ಕಿನಲ್ಲಿ ಅದೇ ಒಟ್ಟು ಖರ್ಚು 42,000ದಿಂದ ಶುರುವಾಗಿ ಮುಂದಿನ ಮೂರು ವರ್ಷ 32,000, 29,400, 29,640 ಎಂದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಂತಾರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 16 ಎರಡೂ ಪದ್ಧತಿಗಳನ್ನು ಹೆಸರಿಸಿ ಒಪ್ಪುತ್ತದೆ. ಆಸ್ತಿಯಿಂದ ಸಿಗುವ ಪ್ರಯೋಜನ ಯಾವ ಕ್ರಮದಲ್ಲಿ ಸವೆದುಹೋಗುತ್ತದೆಯೋ ಆ ಕ್ರಮವನ್ನು ಪದ್ಧತಿ ಪ್ರತಿಬಿಂಬಿಸಬೇಕು ಎಂಬುದು ಅದರ ಬೇಡಿಕೆ. ಕಟ್ಟಡಕ್ಕೆ ಸರಳ ರೇಖೆ, ವಾಹನಕ್ಕೆ ಇಳಿಕೆ ಶಿಲ್ಕು ಹೊಂದುತ್ತದೆ ಎಂದು ಅನೇಕರು ಹೇಳುವುದು ಈ ಕಾರಣಕ್ಕಾಗಿ.

ಇಷ್ಟು ಪಠ್ಯಪುಸ್ತಕಗಳಲ್ಲಿಯೂ ಸಿಗುತ್ತದೆ. ಆದರೆ ಯಾವ ಸಂಸ್ಥೆಯೂ ಒಂದೇ ಯಂತ್ರ ಇಟ್ಟುಕೊಂಡು ನಾಲ್ಕು ವರ್ಷಕ್ಕೆ ಬಾಗಿಲು ಹಾಕುವುದಿಲ್ಲ, ಹಾಗಾಗಿ ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇಲ್ಲಿಂದ ಮುಂದೆ ಇದೆ.

ಪ್ರತಿ ವರ್ಷವೂ ಇಂಥದೊಂದು ಯಂತ್ರ ಕೊಂಡು, ನಾಲ್ಕು ವರ್ಷ ಮುಗಿದದ್ದನ್ನು ಮಾರಿಬಿಡುವ ಸಂಸ್ಥೆಯನ್ನು ಊಹಿಸಿಕೊಳ್ಳಿ. ನಾಲ್ಕನೆಯ ವರ್ಷದ ಹೊತ್ತಿಗೆ ಅಲ್ಲಿ ನಾಲ್ಕು ಯಂತ್ರಗಳು ಓಡುತ್ತಿರುತ್ತವೆ, ಒಂದೊಂದು ಒಂದೊಂದು ವಯಸ್ಸಿನದು. ಸರಳ ರೇಖೆಯಲ್ಲಿ ವರ್ಷದ ಸವಕಳಿ 21,760ರ ನಾಲ್ಕು ಪಟ್ಟು, ಅಂದರೆ 87,040. ಇಳಿಕೆ ಶಿಲ್ಕಿನಲ್ಲಿ ಹೊಸ ಯಂತ್ರದ 40,000, ಅದಕ್ಕಿಂತ ಹಳೆಯದರ 24,000, ಆಮೇಲಿನದರ 14,400, ತೀರ ಹಳೆಯದರ 8,640. ಕೂಡಿದರೆ ಅದೂ 87,040. ಅಲ್ಲಿಂದ ಮುಂದೆ, ಬೆಲೆ ಮತ್ತು ಖರೀದಿ ಹೀಗೇ ಇರುವವರೆಗೆ, ಎರಡು ಪದ್ಧತಿಗಳ ವಾರ್ಷಿಕ ಲಾಭದಲ್ಲಿ ಚೂರೂ ವ್ಯತ್ಯಾಸವಿಲ್ಲ. ನಾಲ್ಕು ಯಂತ್ರಗಳು ಸೇರಿ ಸವಕಳಿಗೆ ಮೊದಲು 2,00,000 ಗಳಿಸಿದರೆ ಎರಡು ಕಡೆಯೂ ಲಾಭ 1,12,960.

ವ್ಯತ್ಯಾಸ ಎಲ್ಲಿ ಹೋಯಿತು? ಅದು ಆಸ್ತಿ ಪಟ್ಟಿಯಲ್ಲಿ ಕೂತಿದೆ. ವರ್ಷದ ಕೊನೆಗೆ ಉಳಿಯುವ ಮೂರು ಯಂತ್ರಗಳ ಪುಸ್ತಕ ಮೌಲ್ಯ ಸರಳ ರೇಖೆಯಲ್ಲಿ 1,69,440, ಇಳಿಕೆ ಶಿಲ್ಕಿನಲ್ಲಿ 1,17,600. ಅಂತರ 51,840. ಸಂಸ್ಥೆ ಬೆಳೆಯುತ್ತಿದ್ದ ಮೊದಲ ಮೂರು ವರ್ಷಗಳಲ್ಲಿ ಇಳಿಕೆ ಶಿಲ್ಕಿನವರು ಸರಳ ರೇಖೆಯವರಿಗಿಂತ ಕಡಿಮೆ ತೋರಿಸಿದ ಲಾಭವೇ ಇದು: ಕ್ರಮವಾಗಿ 18,240, 20,480, 13,120. ನಾನು ಗಮನದಲ್ಲಿಡಿ ಎಂದಿದ್ದ ಅಂಕಿಗಳೇ ಇವು. ಖರೀದಿ ನಡೆಯುತ್ತಿರುವವರೆಗೂ ಈ 51,840 ಲಾಭವಾಗಿ ಹೊರಬರುವುದಿಲ್ಲ. ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಹೆಚ್ಚು ಕೊಳ್ಳುತ್ತಾ ಬೆಳೆಯುವ ಸಂಸ್ಥೆಯಲ್ಲಿ ಎಳೆಯ ಯಂತ್ರಗಳ ಪಾಲು ಯಾವಾಗಲೂ ಹೆಚ್ಚಿರುವುದರಿಂದ ಅದು ಇನ್ನೂ ದೊಡ್ಡದಾಗುತ್ತಲೇ ಹೋಗುತ್ತದೆ, ಅಲ್ಲಿ ಇಳಿಕೆ ಶಿಲ್ಕಿನ ಲಾಭ ಸದಾ ಕಡಿಮೆಯೇ ಕಾಣುತ್ತದೆ.

ಈಗ ಖರೀದಿಯನ್ನು ನಿಲ್ಲಿಸಿಬಿಡಿ. ಆಯುಷ್ಯ ಮುಗಿದ ಯಂತ್ರವನ್ನು ಮಾರದೆ, ಹೇಗೋ ಇನ್ನೊಂದು ವರ್ಷ ಓಡಲಿ ಎಂದು ಇಟ್ಟುಕೊಳ್ಳಿ. ಅದರ ಪುಸ್ತಕ ಮೌಲ್ಯ ಉಳಿಕೆ ಬೆಲೆಗೆ ಇಳಿದಿರುವುದರಿಂದ ಅದಕ್ಕೆ ಇನ್ನು ಸವಕಳಿ ಇಲ್ಲ. ಗಳಿಕೆ ಅದೇ 2,00,000 ಎಂದುಕೊಂಡರೆ ಲಾಭ ಹೀಗೆ ನಡೆಯುತ್ತದೆ. ಸರಳ ರೇಖೆಯಲ್ಲಿ ಮೊದಲ ವರ್ಷ 1,34,720, ಎರಡನೆಯ ವರ್ಷ 1,56,480, ಮೂರನೆಯ ವರ್ಷ 1,78,240. ಇಳಿಕೆ ಶಿಲ್ಕಿನಲ್ಲಿ 1,52,960, ಆಮೇಲೆ 1,76,960, ಆಮೇಲೆ 1,91,360. ಸರಳ ರೇಖೆಯ ಲಾಭವೂ ಏರುತ್ತದೆ, ಆದರೆ ಒಂದೊಂದು ವರ್ಷಕ್ಕೆ 21,760ರಂತೆ ಒಂದೇ ಅಳತೆಯ ಮೆಟ್ಟಿಲು. ಇಳಿಕೆ ಶಿಲ್ಕಿನಲ್ಲಿ ಮೊದಲ ಮೆಟ್ಟಿಲೇ 40,000ದ್ದು. ಎರಡರ ನಡುವಿನ ಅಂತರ ವರ್ಷವಾರು 18,240, 20,480, 13,120: ಬೆಳೆಯುವಾಗ ಅಡಗಿ ಕೂತಿದ್ದ 51,840 ಈಗ ಅದೇ ಕಂತುಗಳಲ್ಲಿ ಲಾಭವಾಗಿ ಹೊರಬರುತ್ತಿದೆ. ಅಂದರೆ ಇಳಿಕೆ ಶಿಲ್ಕು ಪದ್ಧತಿ ಬೆಳೆಯುವ ಸಂಸ್ಥೆಯ ಲಾಭವನ್ನು ತಗ್ಗಿಸಿ ತೋರಿಸುತ್ತದೆ. ಯಂತ್ರ ಕೊಳ್ಳುವುದನ್ನು ನಿಲ್ಲಿಸಿ ಮುಪ್ಪಾಗುತ್ತಿರುವ ಸಂಸ್ಥೆಯನ್ನು, ಅದು ಮುಪ್ಪಾಗುತ್ತಿರುವ ವರ್ಷಗಳಲ್ಲಿಯೇ, ಅತ್ಯಂತ ಲಾಭದಾಯಕವೆಂದು ತೋರಿಸುತ್ತದೆ. ನನ್ನ ಮಟ್ಟಿಗೆ ಈ ಎರಡು ಪದ್ಧತಿಗಳ ಬಗ್ಗೆ ತಿಳಿದಿರಲೇಬೇಕಾದ ಸಂಗತಿ ಇದು.

ನಾನು ಲೆಕ್ಕ ತಪಾಸಣೆಗೆ ಹೋಗಿದ್ದ ಒಂದು ಮುದ್ರಣಾಲಯದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಮೂರು ವರ್ಷ ಸತತವಾಗಿ ಲಾಭ ಏರಿತ್ತು, ಮಾಲೀಕರಿಗೆ ಸಂತೋಷವೇ ಸಂತೋಷ. ಸ್ಥಿರ ಆಸ್ತಿಗಳ ಪಟ್ಟಿ ತೆಗೆದು ನೋಡಿದರೆ ವರ್ಷದಲ್ಲಿ ಸೇರಿಸಿದ್ದು ಎಂಬ ಕಾಲಂನಲ್ಲಿ ಮೂರು ವರ್ಷವೂ ಬರೀ ಅಡ್ಡಗೆರೆ. ಕೆಳಗೆ ಯಂತ್ರಗಳ ಕೋಣೆಗೆ ಇಳಿದಾಗ ಎಲ್ಲಕ್ಕಿಂತ ಹಳೆಯ ಯಂತ್ರದ ಪಕ್ಕದ ಮುಚ್ಚಳವನ್ನು ತಂತಿಯಿಂದ ಕಟ್ಟಿ ನಿಲ್ಲಿಸಿದ್ದರು, ಅದನ್ನು ಓಡಿಸುವವರು ಒಂದು ಕೈಯಲ್ಲಿ ಕಾಗದ ಸರಿಪಡಿಸುತ್ತಾ ಇನ್ನೊಂದು ಕೈಯನ್ನು ನಿಲ್ಲಿಸುವ ಗುಂಡಿಯ ಮೇಲೆಯೇ ಇಟ್ಟುಕೊಂಡಿದ್ದರು. ಲಾಭವೆಂದು ಪುಸ್ತಕದಲ್ಲಿ ಏರಿದ್ದರಲ್ಲಿ ದೊಡ್ಡ ಪಾಲು ಆ ಯಂತ್ರಗಳ ಸವೆಯುತ್ತಿದ್ದ ಶಿಲ್ಕೇ ಆಗಿತ್ತು. ಅದನ್ನು ಲಾಭಾಂಶವೆಂದು ಹಂಚಿಬಿಟ್ಟಿದ್ದರಿಂದ, ಎಲ್ಲ ಯಂತ್ರಗಳನ್ನೂ ಒಟ್ಟಿಗೇ ಬದಲಿಸಬೇಕಾದ ವರ್ಷ ಬಂದಾಗ ಕೈಯಲ್ಲಿ ಹಣವಿರಲಿಲ್ಲ.

ಇಳಿಕೆ ಶಿಲ್ಕಿನ ಲಾಭವನ್ನು ಅಳೆಯುವಾಗ ದರ ಎಲ್ಲಿಂದ ಬಂತು ಎಂಬುದನ್ನೂ ವಿಚಾರಿಸಬೇಕು. ಖರೀದಿ ಬೆಲೆ C, ಉಳಿಕೆ ಬೆಲೆ S, ಆಯುಷ್ಯ n ವರ್ಷ ಎಂದಾದರೆ ಆ ಆಯುಷ್ಯದ ಕೊನೆಗೆ ಸರಿಯಾಗಿ ಉಳಿಕೆ ಬೆಲೆಗೆ ತಂದು ನಿಲ್ಲಿಸುವ ದರ ಇದು:

```
r = 1 - (S / C)^(1/n)
```

ನಮ್ಮ ಅಂಕಿಗಳನ್ನು ಹಾಕಿದರೆ 0.40 ಬರುತ್ತದೆ. ಈ ಸೂತ್ರ ಉಳಿಕೆ ಬೆಲೆಯ ಅಂದಾಜಿಗೆ ಎಷ್ಟು ಸೂಕ್ಷ್ಮವಾಗಿದೆ ನೋಡಿ. ಅಂದಾಜು ಮಾಡಿದವರು 12,960ರ ಬದಲು ಅದರ ಹತ್ತನೆಯ ಒಂದು ಭಾಗ, 1,296, ಎಂದಿದ್ದರೆ ಸರಳ ರೇಖೆಯ ಕಂತು 21,760ರಿಂದ 24,676ಕ್ಕೆ ಏರುತ್ತದೆ, ಅಷ್ಟೇ. ಇಳಿಕೆ ಶಿಲ್ಕಿನ ದರ ಮಾತ್ರ ಶೇ. 40ರಿಂದ ಸುಮಾರು ಶೇ. 66ಕ್ಕೆ ಜಿಗಿದು, ಮೊದಲ ವರ್ಷದ 10,000 ಲಾಭ 16,000ಕ್ಕೂ ಹೆಚ್ಚಿನ ನಷ್ಟವಾಗಿಬಿಡುತ್ತದೆ. ಉಳಿಕೆ ಬೆಲೆ ಸೊನ್ನೆ ಎಂದಿಟ್ಟರೆ ದರ ಶೇ. 100 ಬಂದು ಸೂತ್ರ ಉಪಯೋಗಕ್ಕೇ ಬಾರದು, ಏಕೆಂದರೆ ಶಿಲ್ಕಿನ ಒಂದು ಪಾಲನ್ನು ಎಷ್ಟು ಸಲ ಕಳೆದರೂ ಏನಾದರೂ ಉಳಿದೇ ಉಳಿಯುತ್ತದೆ.

ಇದಕ್ಕಿಂತ ಹೆಚ್ಚಾಗಿ ಕಾಣಸಿಗುವ ತಪ್ಪು ಇನ್ನೊಂದಿದೆ. ಆಯುಷ್ಯ 4 ವರ್ಷ, ಆದ್ದರಿಂದ ದರ ಶೇ. 25 ಎಂದು ಸರಳ ರೇಖೆಯ ಯೋಚನೆಯಲ್ಲಿ ದರ ಗೊತ್ತುಮಾಡಿ, ಅದನ್ನು ಇಳಿಯುವ ಶಿಲ್ಕಿನ ಮೇಲೆ ಹಾಕುವುದು. ಹಾಗೆ ಮಾಡಿದರೆ ನಾಲ್ಕು ವರ್ಷದ ಕೊನೆಗೆ ಪುಸ್ತಕದಲ್ಲಿ ಇನ್ನೂ 31,641ರಷ್ಟು ಉಳಿದಿರುತ್ತದೆ, ಕೈಗೆ ಬರುವುದು 12,960. ಉಳಿದ 18,681 ಮಾರಾಟದ ದಿನ ಒಂದೇ ಏಟಿಗೆ ನಷ್ಟವಾಗಿ ಬೀಳುತ್ತದೆ, ಹಿಂದಿನ ವರ್ಷಗಳ ಲಾಭ ಅಷ್ಟರಮಟ್ಟಿಗೆ ಉಬ್ಬಿತ್ತು ಎಂದರ್ಥ. ಯಾವುದಾದರೂ ಸಂಸ್ಥೆ ಯಂತ್ರ ಮಾರಿದಾಗಲೆಲ್ಲ ನಷ್ಟವನ್ನೇ ಬರೆಯುತ್ತಿದ್ದರೆ ಮಾರುಕಟ್ಟೆಯನ್ನು ದೂರುವ ಮೊದಲು ದರವನ್ನು ಅನುಮಾನಿಸಿ.

ನಡುವೆ ಪದ್ಧತಿಯನ್ನು ಬದಲಿಸುವವರೂ ಇದ್ದಾರೆ, ನೀವು ನೋಡುತ್ತಿರುವ ನಾಲ್ಕು ವರ್ಷಗಳಲ್ಲಿ ಹಾಗೇನಾದರೂ ಆಗಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಪದ್ಧತಿ ಈಗಲೂ ಹೊಂದುತ್ತದೆಯೇ ಎಂದು ವರ್ಷಕ್ಕೊಮ್ಮೆಯಾದರೂ ನೋಡಬೇಕೆಂದು ಐಎಎಸ್ 16 ಹೇಳುತ್ತದೆ, ಆಸ್ತಿ ಸವೆಯುವ ಕ್ರಮವೇ ಗಣನೀಯವಾಗಿ ಬದಲಾಗಿದ್ದರೆ ಪದ್ಧತಿಯನ್ನು ಬದಲಿಸಲೇಬೇಕು. ಅಂಥ ಬದಲಾವಣೆಯನ್ನು ಅಂದಾಜಿನ ಬದಲಾವಣೆಯೆಂದು ಪರಿಗಣಿಸುವುದರಿಂದ ಹಿಂದಿನ ವರ್ಷಗಳ ಲಾಭವನ್ನು ತಿದ್ದುವುದಿಲ್ಲ. ಆ ದಿನ ಉಳಿದಿರುವ ಪುಸ್ತಕ ಮೌಲ್ಯವನ್ನು ಉಳಿದ ಆಯುಷ್ಯಕ್ಕೆ ಹೊಸ ರೀತಿಯಲ್ಲಿ ಹಂಚುತ್ತಾರೆ. ನಮ್ಮ ಯಂತ್ರವನ್ನು ಎರಡು ವರ್ಷದ ನಂತರ ಇಳಿಕೆ ಶಿಲ್ಕಿನಿಂದ ಸರಳ ರೇಖೆಗೆ ತಂದರೆ, ಉಳಿದ 36,000ದಲ್ಲಿ ಉಳಿಕೆ ಬೆಲೆ ಕಳೆದು 23,040ನ್ನು ಎರಡು ವರ್ಷಕ್ಕೆ ಹಂಚಬೇಕು, ವರ್ಷಕ್ಕೆ 11,520. ಬದಲಿಸದಿದ್ದರೆ 14,400 ಇರುತ್ತಿದ್ದ ಸವಕಳಿ ಈ ವರ್ಷ 2,880ರಷ್ಟು ಕಡಿಮೆಯಾಯಿತು, ಮುಂದಿನ ವರ್ಷ ಅಷ್ಟೇ ಹೆಚ್ಚಾಗುತ್ತದೆ. ಒಂದು ಯಂತ್ರದಲ್ಲಿ ಇದು ಸಣ್ಣ ಮೊತ್ತ. ಹೊಸ ಯಂತ್ರಗಳೇ ತುಂಬಿರುವ ಸಂಸ್ಥೆಯಲ್ಲಿ ಬದಲಾವಣೆಯ ವರ್ಷದ ಲಾಭವನ್ನು ಎತ್ತಿಹಿಡಿಯಲು ಇದೊಂದೇ ಸಾಕು, ಅದಕ್ಕಾಗಿಯೇ ಬದಲಾವಣೆಯ ಪರಿಣಾಮವನ್ನು ಟಿಪ್ಪಣಿಯಲ್ಲಿ ತಿಳಿಸಬೇಕೆಂಬ ನಿಯಮವಿದೆ.

ನಿಮ್ಮ ಎರಡು ಸಂಸ್ಥೆಗಳಿಗೆ ಬರೋಣ. ಲೆಕ್ಕಪತ್ರ ನೀತಿಗಳ ಟಿಪ್ಪಣಿಯಲ್ಲಿ ಪದ್ಧತಿಯ ಹೆಸರು ಇರುತ್ತದೆ, ಆದರೂ ನೀವೇ ಒಮ್ಮೆ ತಾಳೆ ನೋಡಿ: ಖರೀದಿ, ಮಾರಾಟ ಹೆಚ್ಚಿಲ್ಲದ ವರ್ಷಗಳಲ್ಲಿ ಸವಕಳಿಯನ್ನು ಆಸ್ತಿಗಳ ಒಟ್ಟು ಖರೀದಿ ಬೆಲೆಯಿಂದ ಭಾಗಿಸಿದಾಗ ಪ್ರತಿ ವರ್ಷವೂ ಹೆಚ್ಚುಕಡಿಮೆ ಒಂದೇ ಅನುಪಾತ ಬಂದರೆ ಅದು ಸರಳ ರೇಖೆ, ವರ್ಷಾರಂಭದ ಪುಸ್ತಕ ಮೌಲ್ಯದಿಂದ ಭಾಗಿಸಿದಾಗ ಒಂದೇ ಅನುಪಾತ ಬಂದರೆ ಇಳಿಕೆ ಶಿಲ್ಕು. ಆಮೇಲೆ ಲಾಭಕ್ಕೆ ಸವಕಳಿಯನ್ನು ಮರಳಿ ಕೂಡಿಸಿ, ಎರಡೂ ಸಂಸ್ಥೆಗಳ ನಾಲ್ಕು ವರ್ಷದ ಅಂಕಿಗಳನ್ನು ಅಕ್ಕಪಕ್ಕ ಬರೆಯಿರಿ. ಏರಿಕೆ ಅಲ್ಲಿಯೂ ಕಂಡರೆ ದುಡಿಮೆಯಲ್ಲಿಯೇ ಏರಿಕೆ ಇದೆ. ಅಲ್ಲಿ ಮಾಯವಾದರೆ ಎರಡನೆಯ ಸಂಸ್ಥೆಯ ಸ್ಥಿರ ಆಸ್ತಿಗಳ ಪಟ್ಟಿ ತೆರೆದು, ಆ ನಾಲ್ಕು ವರ್ಷಗಳಲ್ಲಿ ಹೊಸದಾಗಿ ಸೇರಿಸಿದ ಯಂತ್ರಗಳ ಮೊತ್ತವನ್ನು ಅದೇ ವರ್ಷಗಳ ಸವಕಳಿಯ ಮೊತ್ತದೊಂದಿಗೆ ಹೋಲಿಸಿ. ನಾಲ್ಕು ವರ್ಷದ ಹಿಂದೆ ಒಟ್ಟಿಗೇ ಯಂತ್ರಗಳನ್ನು ಕೊಂಡು ಆಮೇಲೆ ಏನನ್ನೂ ಸೇರಿಸಿಲ್ಲವಾದರೆ ನೀವು ನೋಡುತ್ತಿರುವುದು ಮೇಲಿನ 10,000ದಿಂದ 41,360ರವರೆಗಿನ ಏರಿಕೆಯನ್ನೇ, ಮುಂದಿನ ಒಂದೆರಡು ವರ್ಷದಲ್ಲಿ ಹೊಸ ಯಂತ್ರಗಳು ಬಂದ ದಿನ ಆ ಲಾಭ ಮತ್ತೆ 10,000ದ ಮಟ್ಟಕ್ಕೆ ಇಳಿಯುತ್ತದೆ.